ಸೋಲಾರ್ ಗೂಡಿಗೆ 3.20 ಲಕ್ಷ ಈಗ, ಸಬ್ಸಿಡಿ 1 ಲಕ್ಷ ಎರಡು ವರ್ಷ ಕಳೆದು: ಲೆಕ್ಕ ಕೂಡಿ ಬರುತ್ತದಾ?

ಎಣ್ಮಕಜೆ ತೋಟ

ಅಡಿಕೆ ಒಣಗಿಸಲಿಕ್ಕೆ ಅಂಗಳದಲ್ಲಿ ಪಾಲಿಹೌಸ್ ಮಾದರಿಯ ಸೋಲಾರ್ ಗೂಡು ಹಾಕಿಸುವ ಅಂದಾಜು ಉಂಟು. ಜಿಐ ಪೈಪು, 200 ಮೈಕ್ರಾನ್ ಯುವಿ ಶೀಟು, ಕೆಳಗೆ ಕಾಂಕ್ರೀಟು ಎಲ್ಲ ಸೇರಿ 3,20,000 ರೂಪಾಯಿಯ ಕೊಟೇಶನ್ ಬಂದಿದೆ. 1,00,000 ಸಬ್ಸಿಡಿ ಸಿಗುತ್ತದೆ, ಆದರೆ ಮೊದಲು ನಾವೇ ಪೂರ್ತಿ ದುಡ್ಡು ಹಾಕಿ ಕಟ್ಟಿ, ಬಿಲ್ಲು ಕೊಟ್ಟು, ಅವರು ಬಂದು ನೋಡಿ ಹೋದ ಮೇಲೆ ಖಾತೆಗೆ ಬರುವುದು. ಎರಡು ವರ್ಷ ಅಂತ ಇಟ್ಟುಕೊಂಡಿದ್ದೇನೆ.

ಉಳಿತಾಯದ ಲೆಕ್ಕ ಹೀಗೆ: ವರ್ಷಕ್ಕೆ 20 ಕ್ವಿಂಟಾಲ್ ಚಾಲಿ. ಹರಗುವುದು, ಮಗುಚುವುದು, ಮೋಡ ಕಂಡಾಗ ಓಡಿ ರಾಶಿ ಹಾಕಿ ಮುಚ್ಚುವುದು, ಇದರಲ್ಲಿ 30 ಆಳು ಕಡಿಮೆಯಾಗುತ್ತದೆ. 900 ರಂತೆ 27,000. ಒದ್ದೆಯಾಗಿ ಪಟೋರಕ್ಕೆ, ಕರಿಗೋಟಿಗೆ ಹೋಗುವ ಅಡಿಕೆ ನೂರಕ್ಕೆ 3 ಕಡಿಮೆ ಅಂದರೆ 60 ಕೆ.ಜಿ.; ಚಾಲಿಗೂ ಅದಕ್ಕೂ ಕಿಲೋಗೆ 300 ವ್ಯತ್ಯಾಸ ಹಿಡಿದರೆ 18,000. ಒಟ್ಟು ವರ್ಷಕ್ಕೆ 45,000. ಐದನೇ ವರ್ಷ ಶೀಟು ಬದಲಿಸಲಿಕ್ಕೆ 60,000 ಖರ್ಚು. ಹತ್ತು ವರ್ಷ ಆದ ಮೇಲೆ ಪೈಪು ಗುಜರಿಗೆ ಕೊಟ್ಟರೆ 30,000.

ಕೂಡಿಸಿ ಕಳೆದರೆ 2,00,000 ಲಾಭ ಕಾಣುತ್ತದೆ. ಆದರೆ ಸೊಸೈಟಿ ಸಾಲಕ್ಕೆ 10% ಬಡ್ಡಿ. ಬ್ಯಾಂಕಿನಲ್ಲಿರುವ ಒಬ್ಬರು “ಎನ್‌ಪಿವಿ ತೆಗೆದು ನೋಡಿ, ಎರಡು ಲಕ್ಷ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ” ಅಂದರು. ಎಲ್ಲಿಗೆ ಹೋಗುತ್ತದೆ?

ಬದಿಯಡ್ಕ ಅಂಗಳ

ಇದಕ್ಕೆ ಅಷ್ಟು ದೊಡ್ಡ ಲೆಕ್ಕ ಎಂತಕ್ಕೆ ಮಾರಾಯ್ರೇ. 3.20ರಲ್ಲಿ ಸಬ್ಸಿಡಿ 1 ಲಕ್ಷ ಕಳೆಯಿರಿ, ಉಳಿದದ್ದು 2.20. ಅದನ್ನು 45 ಸಾವಿರದಿಂದ ಭಾಗಿಸಿದರೆ 5 ವರ್ಷಕ್ಕೂ ಕಡಿಮೆ. ಐದು ವರ್ಷದಲ್ಲಿ ಅಸಲು ಕೈಗೆ ಬಂತು, ಆಮೇಲಿನ ಐದು ವರ್ಷ ಪೂರಾ ಲಾಭ. ಹಾಕಿಸಿಬಿಡಿ.

ಕುಂಬಳೆ ಲೆಕ್ಕ

ಅಂಗಳದವರೇ, ನಿಮ್ಮ ಭಾಗಾಕಾರದಲ್ಲಿ ಶೀಟು ಬಿಟ್ಟುಹೋಯಿತು. ಬಡ್ಡಿ ಬದಿಗಿಟ್ಟು ಬರೀ ಕೂಡಿಸಿ ನೋಡಿದರೂ ಐದನೇ ವರ್ಷದ ಕೊನೆಗೆ ಇನ್ನೂ 55,000 ಬಾಕಿ ಇರುತ್ತದೆ, ಯಾಕೆಂದರೆ ಆ ವರ್ಷ 45,000 ಬಂದು 60,000 ಹೋಗುತ್ತದೆ. ಅಸಲು ತೀರುವುದು ಏಳನೇ ಸೀಸನ್ನಿನಲ್ಲಿ.

ಇನ್ನು ಎಣ್ಮಕಜೆಯವರ ಪ್ರಶ್ನೆ. ಸಬ್ಸಿಡಿಯೊಂದನ್ನೇ ಹಿಡಿದುಕೊಳ್ಳಿ. ಎರಡು ವರ್ಷ ಕಳೆದು ಬರುವ 1,00,000ಕ್ಕೆ ಸಮನಾದ ಇವತ್ತಿನ ಮೊತ್ತ ಎಷ್ಟು? ಇವತ್ತು ನಿಮ್ಮ ಕೈಯಲ್ಲಿ 82,645 ರೂಪಾಯಿ ಇದ್ದು, ಅದನ್ನು 10% ಸಾಲಕ್ಕೆ ಕಟ್ಟಿದಿರಿ ಅಂತ ಇಟ್ಟುಕೊಳ್ಳಿ. ಒಂದು ವರ್ಷಕ್ಕೆ ಅದು 90,909 ರೂಪಾಯಿಯ ಸಾಲವನ್ನು ತಪ್ಪಿಸುತ್ತದೆ, ಎರಡನೇ ವರ್ಷಕ್ಕೆ ಸರಿಯಾಗಿ 1,00,000ದ ಸಾಲವನ್ನು. ಹಾಗಾಗಿ ನಿಮ್ಮ ಮಟ್ಟಿಗೆ ಆ ಸಬ್ಸಿಡಿ ಇವತ್ತಿಗೆ 82,645 ಮಾತ್ರ. ಉಳಿದ 17,355 ಯಾರೂ ಕದ್ದದ್ದಲ್ಲ, ಕಾಯುವ ಎರಡು ವರ್ಷ ಆ ಮೊತ್ತಕ್ಕೆ ನೀವೇ ಕಟ್ಟುವ ಬಡ್ಡಿ.

ಹೀಗೆ ಪ್ರತಿ ವರ್ಷದ ಮೊತ್ತವನ್ನೂ 1.10ರಿಂದ ಭಾಗಿಸುತ್ತಾ ಹೋಗಬೇಕು. ಒಂದನೇ ವರ್ಷದ್ದಕ್ಕೆ ಒಂದು ಸಲ, ಐದನೆಯದ್ದಕ್ಕೆ ಐದು ಸಲ. ಬರುವುದಕ್ಕೂ ಹೋಗುವುದಕ್ಕೂ ಒಂದೇ ನಿಯಮ. ನಿಮ್ಮ ಅಂಕಿಗಳಿಗೆ ಮಾಡಿದ್ದು ಕೆಳಗೆ. ಮೊದಲ ಕಾಲಮ್ಮು ವರ್ಷ, ನಡುವಿನದು ಆ ವರ್ಷ ಕೈಗೆ ಬರುವ ನಿವ್ವಳ, ಕೊನೆಯದು ಇವತ್ತಿನ ಬೆಲೆ.

```
 0   -320000   -320000
 1     45000     40909
 2    145000    119835
 3     45000     33809
 4     45000     30736
 5    -15000     -9314
 6     45000     25401
 7     45000     23092
 8     45000     20993
 9     45000     19084
10     75000     28916
```

ಕೊನೆಯ ಕಾಲಮ್ಮನ್ನು ಕೂಡಿಸಿದರೆ ಸುಮಾರು 13,460 ಉಳಿಯುತ್ತದೆ. ಅದೇ ನಿಮ್ಮ ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ. ಮೇಲಿನಿಂದ ಕೂಡಿಸುತ್ತಾ ಬನ್ನಿ, ಒಂಬತ್ತನೇ ವರ್ಷದ ಕೊನೆಗೂ ಮೊತ್ತ 15,455 ಕೆಳಗೇ ಇರುತ್ತದೆ. ಮೇಲೆ ಬರುವುದು ಹತ್ತನೇ ವರ್ಷ, ಆಗ ಉಳಿಯುವುದರಲ್ಲೂ ಬಹುಪಾಲು ಗುಜರಿ ದುಡ್ಡಿನದ್ದು.

ಅಂದರೆ 2 ಲಕ್ಷದ ಲಾಭ ಸುಳ್ಳಲ್ಲ, ಆದರೆ ಅದರ ಬಹುಪಾಲು ಸಾಲದ ಬಡ್ಡಿಗೆ ಸಲ್ಲುತ್ತದೆ. 10% ಕಟ್ಟಿದ ಮೇಲೆ ನಿಮಗೆ ಮಿಗುವುದು ಇವತ್ತಿನ ಲೆಕ್ಕದಲ್ಲಿ 13 ಸಾವಿರ.

ಮಂಜೇಶ್ವರ ಮೇಷ್ಟ್ರು

ಕುಂಬಳೆಯವರ ಗಣಿತ ಸರಿ. ಆದರೆ ಕಾರಣ ಹೇಳುವಾಗ ಬೆಲೆಯೇರಿಕೆಯನ್ನೇ ಮರೆತರು. ನಾಳಿನ ರೂಪಾಯಿ ಇವತ್ತಿನದಕ್ಕಿಂತ ಕಡಿಮೆ ಯಾಕೆ? ಅದರಿಂದ ಕೊಳ್ಳುವ ಅಕ್ಕಿ ಕಡಿಮೆಯಾಗುತ್ತದೆ, ಅದಕ್ಕೆ. ಹಾಗಾಗಿ ಬಡ್ಡಿ 10, ಬೆಲೆಯೇರಿಕೆ 5, ಎರಡೂ ಸೇರಿ 15%ರಲ್ಲಿ ಭಾಗಿಸಬೇಕು. ಹಾಗೆ ಮಾಡಿದರೆ ಈ ಗೂಡು ನಷ್ಟವೇ.

ಕುಂಬಳೆ ಲೆಕ್ಕ

ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ಬೆಲೆಯೇರಿಕೆ ಒಂದು ಕಾರಣ ಹೌದು, ಆದರೆ ಅದೊಂದೇ ಅಲ್ಲ. ಹತ್ತು ವರ್ಷ ಅಕ್ಕಿಯ ಬೆಲೆ ಒಂದು ಪೈಸೆ ಏರದಿದ್ದರೂ ಸೊಸೈಟಿಯವರು ಬಡ್ಡಿ ಕೇಳುತ್ತಾರೆ, ಠೇವಣಿ ಇಟ್ಟವರೂ ಕೇಳುತ್ತಾರೆ. ಕೈಯಲ್ಲಿರುವ ದುಡ್ಡನ್ನು ಈಗಲೇ ಬೇರೆ ಕೆಲಸಕ್ಕೆ ಹಾಕಬಹುದು ಎಂಬುದಕ್ಕೇ ಒಂದು ಬೆಲೆ ಉಂಟು. ಮತ್ತೆ, ಬಾರದೇ ಹೋದರೆ ಎಂಬ ಹೆದರಿಕೆ ಬೇರೆ.

15% ಯಾಕೆ ತಪ್ಪು ಅಂದರೆ, ಸಾಲ ಕೊಡುವವನು 10 ಅನ್ನುವಾಗಲೇ ಬೆಲೆಯೇರಿಕೆಯನ್ನು ಅದರೊಳಗೆ ಸೇರಿಸಿರುತ್ತಾನೆ. ನೀವು ಅದರ ಮೇಲೆ ಇನ್ನೊಮ್ಮೆ 5 ಸೇರಿಸಿದರೆ ಒಂದೇ ನೀರನ್ನು ಎರಡು ಸಲ ಅಳೆದ ಹಾಗೆ. ನೀವು ಹೇಳಿದ್ದರಲ್ಲಿ ನಿಜವಾಗಿ ಬೆಲೆಯುಳ್ಳ ವಿಷಯ ಬೇರೆ ಕಡೆ ಉಂಟು: ಎಣ್ಮಕಜೆಯವರು ಹತ್ತು ವರ್ಷವೂ ಆಳಿನ ಸಂಬಳ 900 ಅಂತಲೇ ಹಿಡಿದಿದ್ದಾರೆ. ಬಡ್ಡಿಯಲ್ಲಿ ಬೆಲೆಯೇರಿಕೆ ಸೇರಿದೆ, ಸಂಬಳದಲ್ಲಿ ಸೇರಿಲ್ಲ. ಇದು ಗೂಡಿಗೆ ಅನ್ಯಾಯ.

ಸರಿಮಾಡಬೇಕಾದರೆ ಸಂಬಳದ 27,000 ಎರಡನೇ ವರ್ಷದಿಂದ 5%ರಂತೆ ಏರಲಿ. ಅಡಿಕೆ ದರ ಏರುತ್ತದೆ ಅಂತ ಹಿಡಿಯುವ ಧೈರ್ಯ ನನಗಿಲ್ಲ, ಹಾಗಾಗಿ 18,000 ಹಾಗೇ ಇರಲಿ. ಗುಜರಿ ಬೆಲೆಯನ್ನೂ ಮುಟ್ಟುವುದಿಲ್ಲ. ಆದರೆ ಶೀಟಿನ ಬೆಲೆಯೂ ಏರಬೇಕಲ್ಲ, ಐದನೇ ವರ್ಷಕ್ಕೆ 60,000 ಹೋಗಿ ಸುಮಾರು 76,600 ಆಗುತ್ತದೆ. ಸಂಬಳದಿಂದ ಇವತ್ತಿನ ಲೆಕ್ಕದಲ್ಲಿ ಸುಮಾರು 35,000 ಹೆಚ್ಚು ಸಿಗುತ್ತದೆ, ಶೀಟಿನಿಂದ ಸುಮಾರು 10,300 ಕಡಿಮೆಯಾಗುತ್ತದೆ. ಎನ್‌ಪಿವಿ 13 ಸಾವಿರದಿಂದ 38 ಸಾವಿರಕ್ಕೆ ಬರುತ್ತದೆ.

ಮಂಜೇಶ್ವರ ಮೇಷ್ಟ್ರು

ಎರಡು ಸಲ ಅಳೆದೆ, ಒಪ್ಪಿದೆ. ಆದರೆ ಸಂಬಳ ಏರುತ್ತದೆ, ಅಡಿಕೆ ಏರುವುದಿಲ್ಲ ಎಂಬುದು ನಿಮ್ಮ ಊಹೆ ಅಲ್ಲವಾ? ದರ ಕುಸಿದರೆ ಆ 300ರ ವ್ಯತ್ಯಾಸವೂ ಕುಸಿಯಬಹುದು.

ಕುಂಬಳೆ ಲೆಕ್ಕ

ಊಹೆಯೇ. ಹಾಗಾಗಿಯೇ ಅದನ್ನು ಬೇರೆ ಸಾಲಿನಲ್ಲಿ ಇಡಲು ಹೇಳುವುದು. ಎಲ್ಲ ಸೇರಿಸಿ “45,000” ಅಂತ ಬರೆದರೆ ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ಆಮೇಲೆ ಕಾಣುವುದಿಲ್ಲ.

ಮುಳ್ಳೇರಿಯ ಚೋಲು

ನನ್ನದೂ ಇದೇ ಪ್ರಶ್ನೆ. ಹೊಸ ಅಡಿಕೆ ಈಗ ಕೊಡುವುದಾ, ಇಟ್ಟು ಬರುವ ವರ್ಷ ಸಿಂಗಲ್ ಚೋಲು ಆದ ಮೇಲೆ ಕೊಡುವುದಾ? ಇಟ್ಟರೆ ಕಿಲೋಗೆ 40 ರೂಪಾಯಿಯಾದರೂ ಹೆಚ್ಚು ಸಿಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಇಡುವುದು. ಎನ್‌ಪಿವಿ ಪ್ರಕಾರ ಇಡುವುದೇ ಒಳ್ಳೆಯದಲ್ಲವಾ?

ಎಣ್ಮಕಜೆ ತೋಟ

ಅಣ್ಣಾ, ಇಲ್ಲಿ ಪ್ರಶ್ನೆ ಒಣಗಿಸುವುದರದ್ದು, ಇಡುವುದರದ್ದಲ್ಲ.

ಕುಂಬಳೆ ಲೆಕ್ಕ

ಇರಲಿ, ಲೆಕ್ಕದ ಬೇರು ಒಂದೇ, ಒಂದು ವರ್ಷದ್ದಾದ್ದರಿಂದ ಸುಲಭವೂ ಹೌದು. ಹೊಸ ಅಡಿಕೆಗೆ ಇವತ್ತು 420 ಸಿಗುತ್ತದೆ ಅಂತ ಇಟ್ಟುಕೊಳ್ಳಿ. 10% ಸೇರಿದರೆ ಒಂದು ವರ್ಷಕ್ಕೆ 462 ಆಗಬೇಕು. ಗೋಣಿಯಲ್ಲಿ ಇಟ್ಟ ಅಡಿಕೆ ಇನ್ನಷ್ಟು ಒಣಗಿ ತೂಕ ನೂರಕ್ಕೆ 2 ಇಳಿಯುತ್ತದೆ ಅಂತ ಹಿಡಿದರೆ, 98 ಕಿಲೋದಲ್ಲಿ 100 ಕಿಲೋದ ದುಡ್ಡು ಹುಟ್ಟಬೇಕು. ಅಂದರೆ ಕಿಲೋಗೆ 471. ಗೋದಾಮು, ಹುಳಕ್ಕೆ ಮದ್ದು, ಮರು ಆಯುವ ಕೂಲಿ ಇದರ ಮೇಲೆ.

40 ಹೆಚ್ಚು ಸಿಕ್ಕಿ 460ಕ್ಕೆ ಕೊಟ್ಟರೆ ಕೈಗೆ ದುಡ್ಡು ಹೆಚ್ಚು ಬಂದ ಹಾಗೆ ಕಾಣುತ್ತದೆ, ಲೆಕ್ಕದಲ್ಲಿ ಕಿಲೋಗೆ 11 ರೂಪಾಯಿ ನಷ್ಟ. ಸಾಲ ಇಲ್ಲದೆ, ದುಡ್ಡನ್ನು 7% ಠೇವಣಿಗೆ ಇಡುವವರಾದರೆ ಗೆರೆ 459ಕ್ಕೆ ಇಳಿಯುತ್ತದೆ, ಅವರಿಗೆ 460 ಹೆಚ್ಚುಕಡಿಮೆ ಸಮಸಮ. ಒಂದೇ ದರಕ್ಕೆ ಒಬ್ಬರು ಇಡುವುದು, ಇನ್ನೊಬ್ಬರು ಕೊಡುವುದು ಎರಡೂ ಸರಿಯಾಗಬಹುದು.

ಮುಳ್ಳೇರಿಯ ಚೋಲು

ತೂಕ ಇಳಿಯುವುದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಡೂರು ಪೇಟೆ

ಎಲ್ಲರೂ 10% ಹಿಡಿದು ಕೂತಿದ್ದೀರಿ. ಕಿಸಾನ್ ಕಾರ್ಡಿನಲ್ಲಿ ಸರಿಯಾಗಿ ಕಟ್ಟಿದರೆ 4% ಅಲ್ಲವಾ? ಆ ದುಡ್ಡಿನಲ್ಲಿ ಗೂಡು ಹಾಕಿಸಿ, 4%ರಲ್ಲಿ ಲೆಕ್ಕ ಮಾಡಿ. ಲಾಭವೋ ಲಾಭ.

ಕುಂಬಳೆ ಲೆಕ್ಕ

ನಾಲ್ಕರಲ್ಲಿ ಮಾಡಿದರೆ ಎನ್‌ಪಿವಿ 1,08,000 ದಾಟುತ್ತದೆ, ನಿಜ. ಆದರೆ ಆ 4% ಹೇಗೆ ಹುಟ್ಟುತ್ತದೆ ನೋಡಿ. ಬೆಳೆ ಸಾಲಕ್ಕೆ 7%, ಹೊತ್ತಿಗೆ ಸರಿಯಾಗಿ ತೀರಿಸಿದವರಿಗೆ 3% ರಿಯಾಯಿತಿ. ಅದು ಅಲ್ಪಾವಧಿಯ ಬೆಳೆ ಸಾಲ, ವರ್ಷದೊಳಗೆ ಪೂರ್ತಿ ಕಟ್ಟಬೇಕು. ಈ ಗೂಡು ಮೊದಲ ವರ್ಷ ಕೊಡುವುದು 45,000, ನೀವು ಕಟ್ಟಬೇಕಾದದ್ದು 3,20,000. ಹೊತ್ತಿಗೆ ಕಟ್ಟಲಾಗದೆ ಹೋದರೆ ರಿಯಾಯಿತಿಯೂ ಹೋಯಿತು. ಬೇರೆಯವರಿಂದ ಕೈಸಾಲ ತಂದು ಕಟ್ಟಿ, ಮರುವಾರ ಪುನಃ ತೆಗೆದರೆ ಆ ಕೈಸಾಲದ ಬಡ್ಡಿಯೂ ಸೇರಬೇಕು. ಮತ್ತೆ ಆ ಮಿತಿಯನ್ನು ಗೂಡಿಗೆ ಮುಗಿಸಿದರೆ ಗೊಬ್ಬರಕ್ಕೆ, ಬೋರ್ಡೋ ಸಿಂಪಡಣೆಗೆ ಯಾವ ಸಾಲ ತೆಗೆಯುತ್ತೀರಿ? ಅದಕ್ಕೆ ತೆಗೆಯುವ ದುಬಾರಿ ಸಾಲದ ದರವೇ ಗೂಡಿನ ನಿಜವಾದ ದರ.

ಯಾವ ದರ ಹಿಡಿಯಬೇಕು ಎಂಬುದಕ್ಕೆ ನನ್ನ ಅಳತೆ ಇಷ್ಟೆ: ಈ ಕೆಲಸಕ್ಕೆ ಹಾಕದಿದ್ದರೆ ಆ ದುಡ್ಡು ಎಲ್ಲಿರುತ್ತಿತ್ತು? ಸಾಲ ತೀರುತ್ತಿತ್ತು ಅಂತಾದರೆ ಸಾಲದ ದರ. ಠೇವಣಿಯಲ್ಲಿ ಇರುತ್ತಿತ್ತು ಅಂತಾದರೆ ಠೇವಣಿಯದ್ದು. ಎಣ್ಮಕಜೆಯವರ ಅಂಕಿಗೆ 7%ರಲ್ಲಿ 55,900 ಲಾಭ, 12%ರಲ್ಲಿ 10,400 ನಷ್ಟ. ಸೊನ್ನೆಗೆ ಬಂದು ನಿಲ್ಲುವುದು 11%ರ ಸ್ವಲ್ಪ ಮೇಲೆ. ಅಂದರೆ ನಿಮ್ಮ ಸಾಲಕ್ಕೂ ಆ ಗೆರೆಗೂ ನಡುವೆ ಒಂದು ಬೆರಳಿನ ಅಂತರ ಮಾತ್ರ.

ಅಡೂರು ಪೇಟೆ

ಸರಿ. ಆದರೂ ಮೊದಲ ವರ್ಷ ಮಟ್ಟಿಗೆ ಕಾರ್ಡಿನಿಂದ ನಿಭಾಯಿಸುವವರು ಬೇಕಾದಷ್ಟು ಜನ ಇದ್ದಾರೆ, ಹೇಳಿದೆ ಅಷ್ಟೆ.

ಎಣ್ಮಕಜೆ ತೋಟ

ಕುಂಬಳೆಯವರೇ, ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ನನಗೆ 12,237 ಬರುತ್ತದೆ, ನಿಮಗೆ 13,460. ಎಲ್ಲಿ ತಪ್ಪಿದೆ? B2ರಿಂದ B12ರವರೆಗೆ ನಿಮ್ಮ ಪಟ್ಟಿಯ ನಡುವಿನ ಕಾಲಮ್ಮೇ ಉಂಟು.

```
=NPV(10%,B2:B12)
```

ಕುಂಬಳೆ ಲೆಕ್ಕ

ಎಕ್ಸೆಲ್‌ನ ಈ ಫಂಕ್ಷನ್ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷ ಕಳೆದು ಆಗುವುದು ಅಂತ ತಿಳಿಯುತ್ತದೆ. ಹಾಗಾಗಿ ನೀವು ಇವತ್ತು ಕೊಡುವ 3,20,000ವನ್ನೂ ಒಂದು ಸಲ 1.10ರಿಂದ ಭಾಗಿಸಿತು, ಉಳಿದವನ್ನೂ ಒಂದೊಂದು ವರ್ಷ ಹಿಂದಕ್ಕೆ ತಳ್ಳಿತು. 12,237ನ್ನು 1.1ರಿಂದ ಗುಣಿಸಿ, ನನ್ನ ಅಂಕಿ ಬರುತ್ತದೆ. ಇವತ್ತಿನ ಖರ್ಚನ್ನು ಹೊರಗಿಟ್ಟು ಬರೆಯಬೇಕು:

```
=NPV(10%,B3:B12)+B2
```

ಇನ್ನೊಂದು ತಪ್ಪು ಇದಕ್ಕಿಂತ ಕಳ್ಳತನದ್ದು. ಸಬ್ಸಿಡಿಯನ್ನು ಬೇರೆ ಕಾಲಮ್ಮಿನಲ್ಲಿ ಬರೆದು, ಏನೂ ಬಾರದ ವರ್ಷಗಳನ್ನು ಖಾಲಿ ಬಿಡುತ್ತಾರೆ. ಎಕ್ಸೆಲ್ ಖಾಲಿ ಕೋಶವನ್ನು ಸೊನ್ನೆ ಅಂತ ಓದುವುದಿಲ್ಲ, ಇಲ್ಲವೇ ಇಲ್ಲ ಅಂತ ದಾಟಿಹೋಗುತ್ತದೆ. ಎರಡನೇ ವರ್ಷದ ಸಬ್ಸಿಡಿ ಒಂದನೇ ವರ್ಷಕ್ಕೆ ಜಿಗಿದು 82,645 ಇರಬೇಕಾದಲ್ಲಿ 90,909 ತೋರಿಸುತ್ತದೆ. ಖಾಲಿ ಕಡೆ 0 ಬರೆಯಿರಿ. ತಪ್ಪಿದೆಯಾ ಅಂತ ತಿಳಿಯಲು ದರವನ್ನು 0% ಮಾಡಿದರೆ ಸಾಲದು, ಅಲ್ಲಿ ಎರಡೂ ಒಂದೇ ಮೊತ್ತ ತೋರಿಸುತ್ತವೆ. ಒಂದು ವರ್ಷದ ಅಂಕಿಯನ್ನಾದರೂ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ ತಾಳೆ ನೋಡಿ.

ನೀರ್ಚಾಲು ಅಕ್ಕ

ಲೆಕ್ಕ ಚಂದ ಉಂಟು, ಆದರೆ ಒಳಗೆ ಹೋಗುವ ಅಂಕಿಗಳ ಬಗ್ಗೆ ಎರಡು ಮಾತು.

30 ಆಳು ಉಳಿಯುತ್ತದೆ ಅಂತ ಬರೆದಿದ್ದಾರೆ. ಅಡಿಕೆ ಹರಗಿ ಮಗುಚುವವರು ಮನೆಯ ಹೆಂಗಸರೇ ಆದರೆ ಆ 27,000 ಯಾರ ಕೈಗೆ ಬರುತ್ತದೆ? ಸಂಬಳಕ್ಕೆ ಬರುವ ಆಳನ್ನು ನಿಜವಾಗಿ ಕಡಿಮೆ ಮಾಡುವುದಾದರೆ ಮಾತ್ರ ಅದು ದುಡ್ಡು. ನನ್ನ ಸೊಂಟಕ್ಕೆ ಸಿಗುವ ಆರಾಮಕ್ಕೂ ಬೆಲೆ ಉಂಟು, ಇಲ್ಲ ಅನ್ನುವುದಿಲ್ಲ, ಆದರೆ ಅದರಿಂದ ಸೊಸೈಟಿಯ ಕಂತು ಕಟ್ಟಲಿಕ್ಕೆ ಆಗುವುದಿಲ್ಲ.

ಎರಡನೆಯದು ಶೀಟು. ಐದು ವರ್ಷ ಅಂತ ಮಾರುವವರು ಹೇಳುತ್ತಾರೆ. ಪೈಪು ಬಿಸಿಲಿಗೆ ಕಾದು, ಶೀಟು ಅದಕ್ಕೆ ತಾಗುವ ಕಡೆಯೇ ಮೊದಲು ಹಳದಿಯಾಗಿ, ಗರಿಗರಿಯಾಗಿ ಸೀಳುವುದು. ಮಧ್ಯದಲ್ಲಿ ಗಟ್ಟಿ ಇದ್ದರೂ ಕಮಾನಿನ ಗೆರೆಯುದ್ದಕ್ಕೂ ಬಿರಿಯುತ್ತದೆ. ಬಿಗಿಯಾಗಿ ಎಳೆಯದೆ ಸಡಿಲ ಬಿಟ್ಟರೆ ಗಾಳಿಗೆ ಪಟಪಟ ಬಡಿದು ಇನ್ನೂ ಬೇಗ. ಪೈಪಿನ ಮೇಲ್ಮೈಗೆ ಬಿಳಿ ಬಣ್ಣ ಹೊಡೆದು, ಶೀಟು ತಾಗುವ ಕಡೆ ಬಿಳಿ ಪಟ್ಟಿ ಸುತ್ತಿ ಆಮೇಲೆ ಹೊದೆಸಬೇಕು. ಕೊಟೇಶನ್ನಿನಲ್ಲಿ ಇದು ಉಂಟಾ ಕೇಳಿ. ಮೂರು ನಾಲ್ಕು ವರ್ಷಕ್ಕೇ ಶೀಟು ಹೋದರೆ ನಿಮ್ಮ ಎನ್‌ಪಿವಿ ಎಂತ ಆಗುತ್ತದೆ?

ಕುಂಬಳೆ ಲೆಕ್ಕ

ಅಕ್ಕ ಸರಿಯಾದ ಜಾಗಕ್ಕೆ ಕೈಯಿಟ್ಟರು. ಶೀಟು ನಾಲ್ಕು ವರ್ಷಕ್ಕೊಮ್ಮೆ ಹೋಗುವುದಾದರೆ 4ನೇ ಮತ್ತು 8ನೇ ವರ್ಷ ಖರ್ಚು. ಎನ್‌ಪಿವಿ 18,250 ನಷ್ಟಕ್ಕೆ ಇಳಿಯುತ್ತದೆ. ಮೂರು ವರ್ಷಕ್ಕೊಮ್ಮೆ ಆದರೆ 53,700 ನಷ್ಟ. ಬಡ್ಡಿ 10 ಇದ್ದದ್ದು 12 ಆದರೆ ಆಗುವ ಬದಲಾವಣೆಗಿಂತ ಶೀಟು ಒಂದು ವರ್ಷ ಮೊದಲು ಹರಿದರೆ ಆಗುವುದು ಹೆಚ್ಚು.

ಮನೆಯವರ ದುಡಿಮೆಯ ವಿಷಯದಲ್ಲಿ ನನಗೂ ಒಂದೇ ಉತ್ತರ ಇಲ್ಲ. ಆ ಸಮಯದಲ್ಲಿ ಬೇರೆ ದುಡಿಮೆ ಇದ್ದರೆ ಅದರ ಆದಾಯ ಹಿಡಿಯಬಹುದು. ಇಲ್ಲದಿದ್ದರೆ ಒಂದು ಸಲ 27,000 ಹಿಡಿದು, ಒಂದು ಸಲ ಬಿಟ್ಟು ಎರಡೂ ನೋಡಬೇಕು. ಬಿಟ್ಟರೆ ಈ ಗೂಡು ಯಾವ ದರದಲ್ಲೂ ನಿಲ್ಲುವುದಿಲ್ಲ ಎಂಬುದು ಬಡ್ಡಿ ಸೇರಿಸದೆಯೇ ಗೊತ್ತಾಗುತ್ತದೆ.

ನೀರ್ಚಾಲು ಅಕ್ಕ

ಬಿಟ್ಟರೆ ನಿಲ್ಲುವುದಿಲ್ಲ ಅಂತಾದರೆ, ಇಷ್ಟು ವರ್ಷ ನಮ್ಮ ಕೆಲಸದ ಮೇಲೇ ಅಡಿಕೆಯ ಲಾಭ ನಿಂತದ್ದು ಅಂತಲೂ ಆಯಿತು. ಅದನ್ನೂ ಬರೆದುಕೊಳ್ಳಿ.

ಬದಿಯಡ್ಕ ಅಂಗಳ

ಇಷ್ಟೆಲ್ಲ ನೋಡಿದರೆ ಯಾರೂ ಏನೂ ಕಟ್ಟಿಸುವ ಹಾಗಿಲ್ಲ. ಸಬ್ಸಿಡಿ ಆರು ತಿಂಗಳು ಆಚೀಚೆ ಆದರೆ ಆಕಾಶ ಬೀಳುತ್ತದಾ?

ಕುಂಬಳೆ ಲೆಕ್ಕ

ಆರು ತಿಂಗಳಿಗೆ ಬೀಳುವುದಿಲ್ಲ. 1 ಲಕ್ಷ ಒಂದು ತಿಂಗಳು ತಡವಾದರೆ ಸುಮಾರು 800 ರೂಪಾಯಿ ಸವೆಯುತ್ತದೆ. ಆದರೆ ಎರಡರ ಬದಲು ನಾಲ್ಕು ವರ್ಷಕ್ಕೆ ಬಂದರೆ ಅದರ ಇವತ್ತಿನ ಬೆಲೆ 82,645 ಹೋಗಿ 68,301. ಇವರ ಮೂಲ ಲೆಕ್ಕದ 13,460 ಪೂರ್ತಿ ತೊಳೆದುಹೋಗಿ ಸುಮಾರು 880 ರೂಪಾಯಿ ನಷ್ಟ. ಸಬ್ಸಿಡಿಯ ಮೊತ್ತದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ, ದಾಖಲೆಯಲ್ಲಿ 1,00,000 ಅಂತಲೇ ಇರುತ್ತದೆ.

ಅದೇ ರೀತಿ ಒಳ್ಳೆಯ ದಿಕ್ಕಿನಲ್ಲೂ ಒಂದು ಉಂಟು. ನನ್ನ ಪಟ್ಟಿಯಲ್ಲಿ ಉಳಿತಾಯ ವರ್ಷದ ಕೊನೆಗೆ ಬರುತ್ತದೆ ಅಂತ ಹಿಡಿದದ್ದು. ಏಪ್ರಿಲ್‌ನಲ್ಲಿ ಕಟ್ಟಿಸಿದರೆ ಮಳೆಗಾಲ ಪೂರಾ ಗೂಡು ಖಾಲಿ, ದುಡ್ಡು ಮಾತ್ರ ಬಡ್ಡಿ ತಿನ್ನುತ್ತಿರುತ್ತದೆ. ಕೊಯ್ಲಿಗೆ ಮೊದಲು, ಅಕ್ಟೋಬರ್‌ನಲ್ಲಿ ಮುಗಿಸಿದರೆ ಪ್ರತಿ ವರ್ಷದ 45,000 ಸರಾಸರಿ ಆರು ತಿಂಗಳು ಮೊದಲೇ ಬಂತು ಅಂತ ಹಿಡಿಯಬಹುದು. ಅಷ್ಟರಿಂದಲೇ ಇವತ್ತಿನ ಲೆಕ್ಕದಲ್ಲಿ 13,500 ಹೆಚ್ಚುತ್ತದೆ, ಎನ್‌ಪಿವಿ ಇಮ್ಮಡಿ.

ಎಣ್ಮಕಜೆ ತೋಟ

ಆಳು ಸಂಬಳಕ್ಕೇ ಬರುವವರು, ಅಕ್ಕ. ಮನೆಯಲ್ಲಿ ಇಬ್ಬರೇ ಇರುವುದು, ಆ 30 ಆಳು ನಿಜವಾಗಿ ಕಡಿಮೆಯಾಗುತ್ತದೆ.

ಈಗ ಹೊಸ ವಿಷಯ. ಇಲ್ಲೇ ಪೆರ್ಲದ ಕಡೆಯ ವೆಲ್ಡಿಂಗಿನವರು ಅದೇ ಅಳತೆಯ ಗೂಡನ್ನು 2,40,000ಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾರೆ. ಆದರೆ ಅವರ ಬಿಲ್ಲಿಗೆ ಸಬ್ಸಿಡಿ ಇಲ್ಲ. 80,000 ಈಗ ಉಳಿಸುವುದಾ, 1,00,000ಕ್ಕೆ ಕಾಯುವುದಾ?

ಕುಂಬಳೆ ಲೆಕ್ಕ

ಇದಕ್ಕೆ ಪೂರ್ತಿ ಪಟ್ಟಿ ಬೇಡ, ಉಳಿದೆಲ್ಲ ಎರಡರಲ್ಲೂ ಒಂದೇ. 80,000ಕ್ಕೆ 10% ಸೇರಿಸುತ್ತಾ ಹೋದರೆ 1,00,000 ಆಗಲಿಕ್ಕೆ ಸುಮಾರು ಎರಡು ವರ್ಷ ನಾಲ್ಕು ತಿಂಗಳು ಬೇಕು. ಸಬ್ಸಿಡಿ ಅದಕ್ಕಿಂತ ಮೊದಲು ಬರುವುದಾದರೆ ಕಾಯಿರಿ, ಆಚೆಗೆ ಹೋಗುವುದಾದರೆ ವೆಲ್ಡಿಂಗಿನವರು. ಸರಿಯಾಗಿ ಎರಡು ವರ್ಷಕ್ಕೆ ಬಂದರೂ ಸಬ್ಸಿಡಿ ದಾರಿಯ ಹೆಚ್ಚುವರಿ ಬರೀ 2,645 ರೂಪಾಯಿ. ಮೂರನೇ ವರ್ಷಕ್ಕೆ ಜಾರಿದರೆ 4,870 ನಷ್ಟ. ಕಚೇರಿಗೆ ಓಡಾಡುವ ದಿನಗಳ ಸಂಬಳವನ್ನು ನಾನು ಇದರಲ್ಲಿ ಹಿಡಿದಿಲ್ಲ.

ಬಾರದೇ ಹೋಗುವ ಸಂಭವವನ್ನೂ ಸೇರಿಸುವುದಾದರೆ ದರ ಏರಿಸಬೇಡಿ, ಮೊತ್ತವನ್ನೇ ಇಳಿಸಿ. ಹತ್ತರಲ್ಲಿ ಒಂಬತ್ತು ಪಾಲು ಬರುತ್ತದೆ ಅನ್ನಿಸಿದರೆ 1,00,000ದ ಬದಲು 90,000 ಬರೆದು ಭಾಗಿಸಿ. ಆಗ ಎರಡು ವರ್ಷಕ್ಕೆ 74,380, ಅಂದರೆ 80,000ಕ್ಕಿಂತ ಕಡಿಮೆ.

ನೀರ್ಚಾಲು ಅಕ್ಕ

ಒಂದು ನಿಲ್ಲಿ. ಉಳಿದೆಲ್ಲ ಒಂದೇ ಅಂತ ಯಾರು ಹೇಳಿದ್ದು? 80 ಸಾವಿರ ಕಡಿಮೆಗೆ ಮಾಡುವವರು ಪೈಪಿನ ದಪ್ಪ, ಶೀಟು, ಎಲ್ಲಿ ಕಡಿಮೆ ಮಾಡಿದ್ದಾರೆ ಅಂತ ನೋಡಬೇಕಲ್ಲ. ಶೀಟಿನ ಅಂಚಿನಲ್ಲಿ ಮೈಕ್ರಾನ್ ಮತ್ತು ಯುವಿ ಅಂತ ಮುದ್ರೆ ಇದ್ದರೆ ಅದನ್ನು ಬಿಲ್ಲಿನಲ್ಲೂ ಬರೆಸಿ.

ಕುಂಬಳೆ ಲೆಕ್ಕ

ಹೌದು, ಅವಸರದ ಮಾತಾಯಿತು. ಅವರ ಶೀಟು ಐದರ ಬದಲು ನಾಲ್ಕು ವರ್ಷ ಬಾಳಿದರೆ 31,700 ಹೋಗುತ್ತದೆ, ಮೇಲಿನ ಸಬ್ಸಿಡಿ ಲೆಕ್ಕ ಎಲ್ಲ ಅದರೆದುರು ಚಿಲ್ಲರೆ.

ಎಣ್ಮಕಜೆ ತೋಟ

ವೆಲ್ಡಿಂಗಿನವರಲ್ಲಿ ಶೀಟು ಬಿಟ್ಟು ಬರೀ ಪೈಪು, ಕಾಂಕ್ರೀಟಿನ ದರ ಕೇಳಿದ್ದೇನೆ, ಶೀಟು ನಾನೇ ತರುವುದು ಅಂತ. ಆದಿತ್ಯವಾರ ಹೇಳುತ್ತಾರಂತೆ. ಸಬ್ಸಿಡಿಯವರಲ್ಲಿ ಎಷ್ಟು ತಿಂಗಳು ಅಂತ ಬರೆದು ಕೊಡಿ ಅಂದೆ, ನಗಾಡಿದರು.